ಆದ ಮೇಲೆ ಇಡುವ ಹೆಸರು: ಲಿಕ್ವಿಡಿಟಿ ಸ್ವೀಪ್

ಬೆಲೆ ಎರಡು ಸಲ ಒಂದೇ ಎತ್ತರ ಮುಟ್ಟಿ ಇಳಿದರೆ ಟ್ರೇಡರ್‌ಗಳು ಅದನ್ನು ಈಕ್ವಲ್ ಹೈ ಎನ್ನುತ್ತಾರೆ. ಅಲ್ಲಿ ಶಾರ್ಟ್ ಮಾಡಿದವರ ಸ್ಟಾಪ್‌ಲಾಸ್ ಗೆರೆಯ ತುಸು ಮೇಲೆ ಕೂತಿರುತ್ತದೆ. ಗೆರೆ ದಾಟಿದರೆ ಕೊಳ್ಳೋಣ ಎಂದು ಕಾದವರ ಆರ್ಡರ್ ಕೂಡ ಅಲ್ಲೇ. ಎರಡೂ ಖರೀದಿಯ ಆರ್ಡರ್‌ಗಳೇ. ದೊಡ್ಡ ಮೊತ್ತ ಮಾರಬೇಕಾದವನಿಗೆ ಇಷ್ಟು ಜನ ಕೊಳ್ಳುವವರು ಒಟ್ಟಿಗೆ ಸಿಕ್ಕರೆ ಅನುಕೂಲ. ಆದ್ದರಿಂದ ಬೆಲೆ ಗೆರೆಯ ಮೇಲೆ ಇಣುಕಿ, ಸ್ಟಾಪ್‌ಗಳನ್ನು ಗುಡಿಸಿಕೊಂಡು ಕೆಳಗಿಳಿಯುತ್ತದೆ ಎಂಬುದು ಲಿಕ್ವಿಡಿಟಿ ಸ್ವೀಪ್ ವಾದ.

ಇದರ ಮೊದಲರ್ಧ ಗಟ್ಟಿ. ವಿದೇಶಿ ವಿನಿಮಯದ ಆರ್ಡರ್‌ಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞೆ ಕ್ಯಾರಲ್ ಆಸ್ಲರ್, ಖರೀದಿಯ ಸ್ಟಾಪ್‌ಗಳು ದುಂಡು ಅಂಕೆಗಳ ತುಸು ಮೇಲೆ ಗುಂಪುಗೂಡುವುದನ್ನು 2003ರಲ್ಲಿ ತೋರಿಸಿದರು. ಆದರೆ ಅಂಥ ಮಟ್ಟ ದಾಟಿದಾಗ ಬೆಲೆ ಅದೇ ದಿಕ್ಕಿನಲ್ಲಿ ಇನ್ನೂ ಜೋರಾಗಿ ಓಡುವ ಒಲವನ್ನೂ ಅವರು ಕಂಡರು. ಒಂದು ಸ್ಟಾಪ್‌ನ ಖರೀದಿ ಬೆಲೆಯನ್ನು ಮುಂದಿನ ಸ್ಟಾಪ್‌ವರೆಗೆ ತಳ್ಳುತ್ತದಲ್ಲ! ಸ್ಟಾಪ್ ಇದ್ದ ಮಾತ್ರಕ್ಕೆ ಬೆಲೆ ತಿರುಗಲೇಬೇಕೆಂದಿಲ್ಲ.

ಗೊಂದಲ ಶುರುವಾಗುವುದು ಗುರುತಿಸುವಾಗ. ಒಂದು ಕಲ್ಪಿತ ಉದಾಹರಣೆ ನೋಡಿ. ನಿಫ್ಟಿ ಫ್ಯೂಚರ್ಸ್‌ನಲ್ಲಿ 24,850 ಮತ್ತು 24,853ರಲ್ಲಿ ಎರಡು ಶಿಖರ. ಬೆಳಿಗ್ಗೆ 10:15ರ ಐದು ನಿಮಿಷದ ಕ್ಯಾಂಡಲ್ 24,858ಕ್ಕೆ ಮುಗಿಯಿತು. ಮುಂದಿನದು 24,868 ಮುಟ್ಟಿ 24,861ಕ್ಕೆ, ಮೂರನೆಯದು 24,841ಕ್ಕೆ ಮುಗಿದವು. ಐದು ನಿಮಿಷದ ಚಾರ್ಟ್ ನೋಡುವವನಿಗೆ ಇದು ಎರಡು ಕ್ಯಾಂಡಲ್ ನಿಂತು ಸೋತ ಬ್ರೇಕ್‌ಔಟ್. ಹದಿನೈದು ನಿಮಿಷದವನಿಗೆ ಕಾಣುವುದು ಗೆರೆಯ ಮೇಲೆ ಉದ್ದನೆಯ ವಿಕ್ ಬಿಟ್ಟ ಒಂದೇ ಕ್ಯಾಂಡಲ್: ಅಚ್ಚುಕಟ್ಟಾದ ಸ್ವೀಪ್. ಮೂರು ಅಂಕದ ಅಂತರವನ್ನು 'ಸಮ' ಎನ್ನಬಹುದೇ ಎಂಬುದಕ್ಕೂ ಒಪ್ಪಿತ ಅಳತೆಯಿಲ್ಲ. ಇನ್ನು ಬೆಲೆ 24,900ಕ್ಕೆ ಏರಿಬಿಟ್ಟಿದ್ದರೆ? 'ನಿಜವಾದ ಲಿಕ್ವಿಡಿಟಿ ಇನ್ನೂ ಮೇಲಿತ್ತು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೋಲಲು ಜಾಗವೇ ಇಲ್ಲದ ವಾದ ಗೆದ್ದಿತು ಎನ್ನುವುದು ಹೇಗೆ?

ಯಾರು ಗುಡಿಸಿದರು ಎಂಬುದೂ ಚಾರ್ಟಿನಲ್ಲಿಲ್ಲ. ಎನ್‌ಎಸ್‌ಇಯಲ್ಲಿ ಸ್ಟಾಪ್‌ಲಾಸ್ ಆರ್ಡರ್ ಟ್ರಿಗರ್ ಆಗುವವರೆಗೆ ಸಾಮಾನ್ಯ ಆರ್ಡರ್ ಪಟ್ಟಿಗೇ ಬರುವುದಿಲ್ಲ. ವಿಕ್ ಕಂಡು 'ದೊಡ್ಡವರು ಬೇಟೆಯಾಡಿದರು' ಎನ್ನುವುದು ಊಹೆ. ಕೊಳ್ಳುವವರು ಬತ್ತಿಹೋದರೂ ಅದೇ ವಿಕ್ ಮೂಡುತ್ತದೆ.

ಇದೇ ಜಾಡಿನ ಹಳೆಯ ತಂತ್ರ 'ಟರ್ಟಲ್ ಸೂಪ್'. 1995ರಲ್ಲಿ ಅದನ್ನು ವಿವರಿಸಿದ ಕಾನರ್ಸ್ ಮತ್ತು ರಾಶ್ಕೆ ಅಳತೆ ಹೇಳಿದ್ದರು: 20 ದಿನಗಳ ಹೊಸ ಗರಿಷ್ಠ ಬೇಕು, ಹಿಂದಿನ ಗರಿಷ್ಠ ಕನಿಷ್ಠ ನಾಲ್ಕು ವಹಿವಾಟು ದಿನ ಹಳೆಯದಿರಬೇಕು. ಆ ನಿಯಮವೂ ಸೋಲಬಹುದು, ಆದರೆ ಸೋತದ್ದು ಲೆಕ್ಕಕ್ಕೆ ಸಿಗುತ್ತದೆ. ಸ್ವೀಪ್ ನಂಬುವವರು ಅಂತರ, ಕಾಲಾವಧಿ, ಕ್ಲೋಸ್ ಮೂರನ್ನೂ ಮೊದಲೇ ಬರೆದಿಟ್ಟು, ತಿರುಗದೆ ಏರಿದ ಸಂದರ್ಭಗಳನ್ನೂ ಎಣಿಸಲಿ. ಅಲ್ಲಿಯವರೆಗೆ ಅದು ನಡೆದದ್ದಕ್ಕೆ ಇಟ್ಟ ಹೆಸರು, ನಡೆಯಲಿರುವುದರ ಸುಳಿವಲ್ಲ.