ಹತ್ತು ಯೂನಿಟ್‌ಗೆ ಎಷ್ಟು ಕೊಡಬೇಕು?

ಟಾಟಾ ಮೋಟರ್ಸ್ 2024ರ ಆಗಸ್ಟ್‌ನಲ್ಲಿ ಕರ್ವ್ ಇವಿ ಕಾರನ್ನು ಬಿಡುಗಡೆ ಮಾಡಿದಾಗ ಕೊಳ್ಳುವವರ ಮುಂದೆ ಎರಡು ಬ್ಯಾಟರಿಗಳನ್ನಿಟ್ಟಿತು. ಒಂದು 45 ಯೂನಿಟ್ ಹಿಡಿಸುವುದು, ಇನ್ನೊಂದು 55 ಯೂನಿಟ್‌ನದು. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು, ಬೇರೆ ಅಳತೆಯಲ್ಲ. ಈ ಹತ್ತು ಯೂನಿಟ್‌ಗಾಗಿ ಹೆಚ್ಚು ಹಣ ಕೊಡಬೇಕೇ ಬೇಡವೇ ಎಂಬುದು ಇಂದು ಎಲೆಕ್ಟ್ರಿಕ್ ಕಾರು ಬುಕ್ ಮಾಡುವ ಬಹುತೇಕರನ್ನು ಕಾಡುವ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ನಮ್ಮ ರೂಢಿಯಲ್ಲೇ ದೋಷವಿದೆ ಎಂಬುದು ನನ್ನ ವಾದ. ಕಂಪನಿ ಹೇಳಿದ ಕಿಲೋಮೀಟರ್ ನೋಡುತ್ತೇವೆ, ಬೆಲೆಯ ಅಂತರ ನೋಡುತ್ತೇವೆ, ‘ಇರಲಿ, ದೊಡ್ಡದೇ ಒಳ್ಳೆಯದು’ ಎಂದುಕೊಳ್ಳುತ್ತೇವೆ. ಕಾರು ಯಾವ ದಾರಿಯಲ್ಲಿ ಓಡುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಮೊದಲು ಆ ಕಿಲೋಮೀಟರ್‌ಗಳನ್ನೇ ನೋಡೋಣ. ಭಾರತದ ಪರೀಕ್ಷಾ ಕ್ರಮ ಎಂಐಡಿಸಿಯಲ್ಲಿ ಎರಡು ಭಾಗಗಳಿವೆ. ಮೊದಲ ಭಾಗ ಊರೊಳಗಿನ ನಿಧಾನದ ಓಡಾಟದ್ದು, ಎರಡನೆಯದರಲ್ಲಿ ವೇಗ 90 ಕಿ.ಮೀ.ವರೆಗೆ ಏರುತ್ತದೆ. ಮೊದಲ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಕರ್ವ್‌ನ ಚಿಕ್ಕ ಬ್ಯಾಟರಿಗೆ 502 ಕಿ.ಮೀ., ದೊಡ್ಡದಕ್ಕೆ 585. ಎರಡೂ ಭಾಗ ಸೇರಿಸಿದರೆ ಚಿಕ್ಕದಕ್ಕೆ 430, ದೊಡ್ಡದಕ್ಕೆ 502. ಅಂದರೆ 502 ಎಂಬ ಒಂದೇ ಅಂಕಿ ಎರಡು ಬ್ಯಾಟರಿಗೂ ಸಲ್ಲುತ್ತದೆ! ಯಾವ ಪರೀಕ್ಷೆಯ ಅಂಕಿ ಎಂದು ಕೇಳದವರು ಒಂದು ಕಾರಿನ ಮೊದಲ ಭಾಗವನ್ನು ಇನ್ನೊಂದು ಕಾರಿನ ಎರಡೂ ಭಾಗಗಳಿಗೆ ಹೋಲಿಸಿ ಮೋಸಹೋಗುವುದು ಸುಲಭ. ಮುಕ್ಕಾಲುಪಾಲು ಗ್ರಾಹಕರಿಗೆ ರಸ್ತೆಯಲ್ಲಿ ಸಿಗಬಹುದಾದ ದೂರ ಎಂದು ಕಂಪನಿ ತಾನೇ ಕೊಟ್ಟ ಅಂದಾಜು ಚಿಕ್ಕದಕ್ಕೆ 330ರಿಂದ 350, ದೊಡ್ಡದಕ್ಕೆ 400ರಿಂದ 425. ಇದು ಹೆಚ್ಚು ಪ್ರಾಮಾಣಿಕ ಅಂಕಿ. ಆದರೂ ಹೆದ್ದಾರಿಗೆ ಹೊರಟವರಿಗೆ ಇದೂ ಸಾಲದು.

ಬೆಲೆಯಲ್ಲೂ ಇಂಥದೇ ಒಂದು ತೊಡಕಿದೆ. ಬಿಡುಗಡೆಯ ಹೊತ್ತಿನ ಶೋರೂಂ ದರದಲ್ಲಿ ‘ಅಕಂಪ್ಲಿಶ್ಡ್’ ಎಂಬ ಮಾದರಿ ಚಿಕ್ಕ ಬ್ಯಾಟರಿಯೊಂದಿಗೆ 18.49 ಲಕ್ಷ, ದೊಡ್ಡದರೊಂದಿಗೆ 19.25 ಲಕ್ಷ. ವ್ಯತ್ಯಾಸ 76 ಸಾವಿರ, ಯೂನಿಟ್‌ಗೆ 7,600 ರೂಪಾಯಿ. ಬ್ಯಾಟರಿಯ ಮಟ್ಟಿಗೆ ಇದು ನ್ಯಾಯವಾದ ದರ. ಆದರೆ ಎಲ್ಲ ಸವಲತ್ತುಗಳಿರುವ ಮೇಲಿನ ಮಾದರಿಗಳನ್ನು ಕಂಪನಿ ದೊಡ್ಡ ಬ್ಯಾಟರಿಗೆ ಮಾತ್ರ ಮೀಸಲಿಟ್ಟಿತು, ಅದರ ತುದಿ 21.99 ಲಕ್ಷ. ಬ್ಯಾಟರಿ ನೋಡಲು ಹೋದವರು ಮೂರೂವರೆ ಲಕ್ಷ ಹೆಚ್ಚು ಕೊಟ್ಟು ಹೊರಬಂದರೆ ಅದರಲ್ಲಿ ಬ್ಯಾಟರಿಯ ಪಾಲು ಕಾಲುಭಾಗವೂ ಇಲ್ಲ, ಉಳಿದದ್ದು ಸವಲತ್ತುಗಳಿಗೆ ಕೊಟ್ಟ ಹಣ. ಸವಲತ್ತು ಬೇಕೆನಿಸಿದರೆ ಕೊಳ್ಳಲಿ, ತಪ್ಪಿಲ್ಲ. ಆದರೆ ‘ದೂರ ಹೋಗಲು ಕೊಟ್ಟೆ’ ಎಂದು ಅದನ್ನು ಬ್ಯಾಟರಿಯ ಖಾತೆಗೆ ಬರೆದುಕೊಳ್ಳಬಾರದು. ಒಂದೇ ಮಾದರಿಯ ಎರಡು ದರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಮೊದಲ ಕೆಲಸ.

ಈಗ ದಾರಿಗೆ ಬರೋಣ. ಬೆಂಗಳೂರಿನಲ್ಲಿ ದುಡಿಯುವ, ಮಂಗಳೂರಿನಲ್ಲಿ ತಂದೆತಾಯಿ ಇರುವ ಒಂದು ಕುಟುಂಬವನ್ನು ಇಟ್ಟುಕೊಳ್ಳೋಣ. ತಿಂಗಳಿಗೊಮ್ಮೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೇಲೆ ಊರಿಗೆ ಹೋಗಿಬರುತ್ತಾರೆ. ಹಾಸನಕ್ಕೆ ಸುಮಾರು 185 ಕಿ.ಮೀ., ಅಲ್ಲಿಂದ ಮಂಗಳೂರಿಗೆ ಇನ್ನೊಂದು 165. ಗಂಟೆಗೆ 90ರಿಂದ 100 ಕಿ.ಮೀ. ವೇಗ, ಒಳಗೆ ನಾಲ್ಕು ಜನ, ಎ.ಸಿ. ಚಾಲೂ. ಇಂಥ ಓಟಕ್ಕೆ ಯೂನಿಟ್‌ಗೆ ಆರೂವರೆ ಕಿ.ಮೀ. ಎಂದು ಹಿಡಿಯುವುದು ಸರಿ. ಜತೆಗೆ ಬ್ಯಾಟರಿಯನ್ನು ನೂರರಿಂದ ಸೊನ್ನೆಯವರೆಗೆ ಓಡಿಸುವ ಲೆಕ್ಕ ಹಾಕಬಾರದು, ಕೊನೆಯ ಶೇ 15 ಕೈಗಾವಲಾಗಿ ಉಳಿಯಬೇಕು. ಇದು ಬರೀ ಅಂಜಿಕೆಯ ಮಾತಲ್ಲ. ಕರ್ವ್‌ನಲ್ಲಿರುವುದು ಎಲ್‌ಎಫ್‌ಪಿ ಜಾತಿಯ ಬ್ಯಾಟರಿ. ಅದರ ವೋಲ್ಟೇಜು ಶೇ 80ರಿಂದ 20ರವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಒಳಗೆ ಎಷ್ಟು ಉಳಿದಿದೆ ಎಂಬುದನ್ನು ಕಾರು ವೋಲ್ಟೇಜು ನೋಡಿ ತಿಳಿಯಲಾರದು, ಒಳಹೋದ ಹೊರಬಂದ ಕರೆಂಟನ್ನು ಕೂಡಿಸಿ ಕಳೆದು ಅಂದಾಜು ಮಾಡಬೇಕು. ಬಹುದಿನ ಪೂರ್ತಿ ತುಂಬಿಸದೆ ಓಡಿಸಿದರೆ ಆ ಅಂದಾಜು ತಪ್ಪುತ್ತಾ ಹೋಗುತ್ತದೆ, ಶೇ 18 ಎಂದು ತೋರಿಸುತ್ತಿದ್ದದ್ದು ಏಕಾಏಕಿ ಕುಸಿಯಬಹುದು. ಆಗಾಗ ಮನೆಯಲ್ಲಿ ನಿಧಾನವಾಗಿ ನೂರಕ್ಕೆ ತುಂಬಿಸಿದರೆ ಲೆಕ್ಕ ಮತ್ತೆ ಸರಿಹೋಗುತ್ತದೆ.

ಮನೆಯಲ್ಲಿ ತುಂಬಿಸಿಕೊಂಡು ಹೊರಟರೆ ಹಾಸನಕ್ಕೆ ಇಪ್ಪತ್ತೆಂಟೂವರೆ ಯೂನಿಟ್ ಖರ್ಚು. ಚಿಕ್ಕ ಬ್ಯಾಟರಿಯಲ್ಲಿ ಶೇ 37 ಉಳಿದಿರುತ್ತದೆ, ದೊಡ್ಡದರಲ್ಲಿ ಶೇ 48. ಮಂಗಳೂರಿಗೆ ಇನ್ನು ಇಪ್ಪತ್ತೈದೂವರೆ ಯೂನಿಟ್ ಬೇಕು, ಅದರ ಮೇಲೆ ಶೇ 15ರ ಕಾವಲು. ಘಾಟಿ ಇಳಿಯುವಾಗ ಬ್ಯಾಟರಿಗೆ ಮರಳಿ ಸೇರುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅದು ಹೆಚ್ಚುವರಿ ಭದ್ರತೆಯಾಗಿ ಇರಲಿ. ಚಿಕ್ಕದನ್ನು ಶೇ 71ಕ್ಕೆ ಏರಿಸಬೇಕು, ದೊಡ್ಡದನ್ನು ಶೇ 61ಕ್ಕೆ. ತಕ್ಕ ಸಾಮರ್ಥ್ಯದ ವೇಗದ ಚಾರ್ಜರ್ ಸಿಕ್ಕರೆ ಎರಡೂ ಶೇ 10ರಿಂದ 80ಕ್ಕೆ ಏರಲು ಹಿಡಿಯುವ ಹೊತ್ತು ಒಂದೇ, ಸುಮಾರು 40 ನಿಮಿಷ. ಆ ಲೆಕ್ಕದಲ್ಲಿ ಚಿಕ್ಕ ಬ್ಯಾಟರಿಗೆ ಹಾಸನದಲ್ಲಿ 20 ನಿಮಿಷ ಸಾಕು, ದೊಡ್ಡದಕ್ಕೆ ಏಳೆಂಟು. ಚಾರ್ಜರ್ 30 ಕಿಲೋವ್ಯಾಟ್‌ನದಾದರೆ ಚಿಕ್ಕದಕ್ಕೆ ಅರ್ಧ ಗಂಟೆ, ದೊಡ್ಡದಕ್ಕೆ ಕಾಲು ಗಂಟೆ.

ಅಂದರೆ ಎರಡು ಕಾರುಗಳೂ ದಾರಿಯಲ್ಲಿ ಒಮ್ಮೆಯೇ ನಿಲ್ಲುತ್ತವೆ, ಒಂದೇ ಊರಿನಲ್ಲಿ ನಿಲ್ಲುತ್ತವೆ. ನಾಲ್ಕು ಜನ ಇಳಿದು ತಿಂಡಿ ತಿಂದು ಕಾಫಿ ಕುಡಿಯುವಷ್ಟರಲ್ಲಿ ಆ ವ್ಯತ್ಯಾಸ ಕರಗಿಹೋಗುತ್ತದೆ. ದೊಡ್ಡ ಬ್ಯಾಟರಿ ಇಲ್ಲಿ ನಿಜವಾಗಿ ಕೊಟ್ಟದ್ದು ಏನು? ಮನೆಯಿಂದಲೇ ತುಂಬಿಕೊಂಡು ಬಂದ ಎಂಟೂವರೆ ಯೂನಿಟ್, ಅಷ್ಟೇ. ಅಷ್ಟು ಹಾಸನದಲ್ಲಿ ತುಂಬಿಸುವುದು ತಪ್ಪಿತು. ಹೆದ್ದಾರಿಯ ಖಾಸಗಿ ಚಾರ್ಜರ್‌ಗಳ ದರ ಮನೆಯದರ ಮೂರು ನಾಲ್ಕು ಪಟ್ಟು ಇರುವುದರಿಂದ ನೂರಿನ್ನೂರು ರೂಪಾಯಿಯೂ ಉಳಿದೀತು. 585 ಎಂಬ ಅಂಕಿ ನೋಡಿ ಕೊಂಡವರು ಮನಸ್ಸಿನಲ್ಲಿಟ್ಟುಕೊಂಡದ್ದು ನಿಲ್ಲದೆ ಹೋಗುವ ಪ್ರಯಾಣವನ್ನು. ಈ ದಾರಿಯಲ್ಲಿ ಆ ಆಸೆ ದೊಡ್ಡ ಬ್ಯಾಟರಿಯಿಂದಲೂ ಈಡೇರುವುದಿಲ್ಲ: ಶೇ 15ರ ಕಾವಲು ಬಿಟ್ಟರೆ ಅದರ ಹೆದ್ದಾರಿ ಓಟ ಸುಮಾರು 300 ಕಿ.ಮೀ., ಊರು ಇರುವುದು 350ರಲ್ಲಿ.

ವಾಪಸು ಬರುವ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದು. ಸಮುದ್ರಮಟ್ಟದ ಮಂಗಳೂರಿನಿಂದ ಸಕಲೇಶಪುರಕ್ಕೆ ಒಂಬೈನೂರು ಮೀಟರಿಗೂ ಮೇಲೆ ಹತ್ತಬೇಕು. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಓಟದ ಖರ್ಚಿನ ಮೇಲೆ ಐದಾರು ಯೂನಿಟ್ ಬೇಕು. ಹಾಸನ ಮುಟ್ಟಲು ಒಟ್ಟು 31 ಯೂನಿಟ್. ಈಗ ಊರಿನ ಮನೆಯನ್ನು ನೋಡಿ. ಅಲ್ಲಿರುವುದು 15 ಆಂಪಿಯರ್ ಪ್ಲಗ್ಗು, ಗಂಟೆಗೆ ಹೆಚ್ಚೆಂದರೆ ಮೂರು ಯೂನಿಟ್. ಮಳೆಗಾಲದಲ್ಲಿ ವೋಲ್ಟೇಜು ಇಳಿದರೆ ಇನ್ನೂ ಕಡಿಮೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಯಾದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೆಲಸವನ್ನೇ ನಿರಾಕರಿಸುತ್ತದೆ. ಎಲ್ಲ ಸರಿಯಿದ್ದು ರಾತ್ರಿ ಹತ್ತು ಗಂಟೆ ಹಾಕಿಟ್ಟರೂ ಸೇರುವುದು 28 ಯೂನಿಟ್. ಶೇ 15ರಲ್ಲಿ ಬಂದು ನಿಂತ ಚಿಕ್ಕ ಬ್ಯಾಟರಿಯಲ್ಲಿ ಬೆಳಿಗ್ಗೆ 35 ಯೂನಿಟ್ ಇರುತ್ತದೆ, ದೊಡ್ಡದರಲ್ಲಿ 36. ಎಪ್ಪತ್ತಾರು ಸಾವಿರ ಕೊಟ್ಟ ಅಂತರ ಒಂದೇ ರಾತ್ರಿಯಲ್ಲಿ ಒಂದು ಯೂನಿಟ್‌ಗೆ ಇಳಿದಿದೆ. ಇಬ್ಬರೂ ಹಾಸನದವರೆಗೆ ಹೋಗುವ ಸಾಹಸ ಮಾಡದೆ ಸಕಲೇಶಪುರದಲ್ಲೇ ಚಾರ್ಜಿಗೆ ನಿಲ್ಲುವುದು ಮೇಲು. ಎರಡು ರಾತ್ರಿ ಉಳಿದರೆ ಮಾತ್ರ ದೊಡ್ಡದು ತನ್ನ ಗಾತ್ರಕ್ಕೆ ತಕ್ಕಂತೆ ತುಂಬುತ್ತದೆ. ಅದಕ್ಕೇ ಹೇಳುವುದು: ಇಂಥ ಕುಟುಂಬ ಮೊದಲು ಖರ್ಚು ಮಾಡಬೇಕಾದದ್ದು ತಂದೆತಾಯಿಯ ಮನೆಯಲ್ಲಿ ಒಳ್ಳೆಯ ಅರ್ಥಿಂಗ್ ಹಾಕಿಸಲು, ಲೋಡ್ ಮಂಜೂರಾದರೆ 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಕೂರಿಸಲು. ಅದಿದ್ದರೆ ಖಾಲಿಯಾಗಿ ಬಂದ ಚಿಕ್ಕ ಬ್ಯಾಟರಿಯೂ ಬೆಳಗಾಗುವ ಮೊದಲೇ ನೂರು ಮುಟ್ಟಿರುತ್ತದೆ.

ದಿನನಿತ್ಯದ ಓಡಾಟದಲ್ಲಂತೂ, ಮನೆಯಲ್ಲಿ ಪ್ಲಗ್ಗಿದ್ದವರಿಗೆ, ಬ್ಯಾಟರಿಯ ಗಾತ್ರ ಲೆಕ್ಕಕ್ಕೇ ಬಾರದು. ಆಫೀಸಿಗೆ ಹೋಗಿಬರಲು 40 ಕಿ.ಮೀ. ಎಂದರೆ ಐದಾರು ಯೂನಿಟ್, ರಾತ್ರಿ ಎರಡು ಗಂಟೆಯ ಕೆಲಸ. ಅಪಾರ್ಟ್‌ಮೆಂಟಿನಲ್ಲಿ ಸಂಘದ ಅನುಮತಿ ಸಿಗದೆ ಹೊರಗಿನ ಚಾರ್ಜರನ್ನೇ ನಂಬಿದವರ ಪಾಡು ಬೇರೆ. ಅವರಿಗೆ ಚಿಕ್ಕ ಬ್ಯಾಟರಿ ಆರು ದಿನಕ್ಕೆ ಮುಗಿಯುತ್ತದೆ, ದೊಡ್ಡದು ಏಳು ದಿನ ಬರುತ್ತದೆ. ಒಂದು ದಿನದ ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಚಾರ್ಜಿಗೆ ಹೋಗುವುದನ್ನು ಪ್ರತಿ ಭಾನುವಾರಕ್ಕೆ ನಿಗದಿ ಮಾಡಿಕೊಳ್ಳಬಹುದೋ, ಅಥವಾ ಒಂದು ವಾರ ಶನಿವಾರ ಇನ್ನೊಂದು ವಾರ ಶುಕ್ರವಾರ ಸಂಜೆಯ ಟ್ರಾಫಿಕ್ಕಿನಲ್ಲಿ ಹುಡುಕಿಕೊಂಡು ಹೋಗಬೇಕೋ ಎಂಬುದನ್ನು ಆ ಒಂದು ದಿನವೇ ತೀರ್ಮಾನಿಸುತ್ತದೆ. ಇವರಿಗೆ ನಾನು ಹಿಂಜರಿಯದೆ ದೊಡ್ಡದನ್ನೇ ಹೇಳುತ್ತೇನೆ.

ದೊಡ್ಡದರ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ಇನ್ನೊಂದು ಮಾತು, ಅದು ಹೆಚ್ಚು ಬಾಳುತ್ತದೆ ಎಂಬುದು. ಒಂದೂವರೆ ಲಕ್ಷ ಕಿ.ಮೀ. ಓಡಿಸಿದರೆ ಚಿಕ್ಕದು ಸುಮಾರು 480 ಸಲ ಪೂರ್ತಿ ತುಂಬಿ ಖಾಲಿಯಾದಂತೆ, ದೊಡ್ಡದು 390 ಸಲ. ಎಲ್‌ಎಫ್‌ಪಿ ಬ್ಯಾಟರಿ ಸಾವಿರಕ್ಕೂ ಮೇಲ್ಪಟ್ಟು ಇಂಥ ಸುತ್ತುಗಳನ್ನು ತಾಳುತ್ತದೆ, ಹಾಗಾಗಿ ಆ ವಾದಕ್ಕೆ ಬಲವಿಲ್ಲ. ಬಿಸಿಲು ಮತ್ತು ವರ್ಷಗಳು ಎರಡನ್ನೂ ಒಂದೇ ಥರ ಸವೆಸುತ್ತವೆ. ಬಲವಿರುವುದು ಬೇರೊಂದು ಕಡೆ. ಇಬ್ಬರದೂ ಶೇ 20 ಸವೆದ ದಿನ ಚಿಕ್ಕದು 36 ಯೂನಿಟ್‌ಗೆ ಇಳಿದಿರುತ್ತದೆ, ದೊಡ್ಡದು 44ಕ್ಕೆ. ಅಂದು ಚಿಕ್ಕದರ ಹೆದ್ದಾರಿ ಓಟ ಸುಮಾರು 200 ಕಿ.ಮೀ., ಹಾಸನವನ್ನು ಮುಟ್ಟುತ್ತದೆ. ಆದರೆ ಅಲ್ಲಿನ ಚಾರ್ಜರ್ ಕೆಟ್ಟಿದ್ದರೆ ಇನ್ನೂ ಸುಮಾರು 40 ಕಿ.ಮೀ. ದೂರದ ಸಕಲೇಶಪುರಕ್ಕೆ ಕಾವಲಿನ ಪಾಲನ್ನೇ ತಿನ್ನಬೇಕು. ದೊಡ್ಡದಕ್ಕೆ ಅಂದೂ ಸಕಲೇಶಪುರ ಸಲೀಸು, ಅದು ಇವತ್ತಿನ ಹೊಸ ಚಿಕ್ಕ ಬ್ಯಾಟರಿಯ ಮಟ್ಟದಲ್ಲಿರುತ್ತದೆ.

ಆದ್ದರಿಂದ ಈ ಕುಟುಂಬ ಐದಾರು ವರ್ಷಕ್ಕೆ ಕಾರು ಬದಲಿಸುವುದಾದರೆ, ಎರಡೂ ಮನೆಗಳಲ್ಲಿ ಚಾರ್ಜಿನ ವ್ಯವಸ್ಥೆ ಇದ್ದರೆ, ಚಿಕ್ಕದೇ ಸರಿಯಾದ ಆಯ್ಕೆ. ಹತ್ತು ವರ್ಷ ಇಟ್ಟುಕೊಳ್ಳುವುದಾದರೆ, ಅದೇ ಮಾದರಿಯಲ್ಲಿ, ಎಪ್ಪತ್ತಾರು ಸಾವಿರ ಕೊಡಲು ಅಡ್ಡಿಯಿಲ್ಲ. ಬುಕ್ ಮಾಡುವ ಮೊದಲು ಟೆಸ್ಟ್ ಡ್ರೈವಿಗೆ ಕೊಟ್ಟ ಕಾರನ್ನು ಊರೊಳಗೇ ಸುತ್ತಿಸಿ ತರದೆ, ನೆಲಮಂಗಲ ದಾಟಿಸಿ ಹೋಗುವಾಗ 20, ಬರುವಾಗ 20 ಕಿ.ಮೀ. ತಮ್ಮ ಎಂದಿನ ವೇಗದಲ್ಲಿ ಓಡಿಸಬೇಕು. ಹೊರಡುವಾಗ ಟ್ರಿಪ್ ಮೀಟರನ್ನು ಸೊನ್ನೆಗಿಳಿಸಿ, ಕಿಲೋಮೀಟರಿಗೆ ಎಷ್ಟು ವ್ಯಾಟ್-ಅವರ್ ಖರ್ಚಾಯಿತೆಂದು ನೋಡಬೇಕು. ಅದು 150ರ ಸುತ್ತ ಇದ್ದರೆ ಮೇಲಿನ ಲೆಕ್ಕ ಅವರಿಗೂ ಹೊಂದುತ್ತದೆ. 120ರ ವೇಗದಲ್ಲಿ ಹೋಗುವ ಅಭ್ಯಾಸವಿದ್ದು ಅದು 190 ದಾಟಿದರೆ ಚಿಕ್ಕ ಬ್ಯಾಟರಿಯ ಓಟ 200 ಕಿ.ಮೀ.ಗೆ ಇಳಿಯುತ್ತದೆ, ದೊಡ್ಡದರದು 245ಕ್ಕೆ.