ಬಣ್ಣದ ಮನೆಯ ಸಾಕ್ಷಿ

‘ಭಗೀರಥ’ ಎಂದರೆ ಸಾಕು, ಪದಬಂಧ ಬಿಡಿಸುವವರ ಪೆನ್ನು ತಾನೇ ತಾನಾಗಿ ‘ಪ್ರಯತ್ನ’ ಎಂದು ಬರೆದುಬಿಡುತ್ತದೆ. ಮೂರು ಮನೆ, ಮೂರು ಅಕ್ಷರ, ಅಚ್ಚುಕಟ್ಟಾಗಿ ಕೂರುತ್ತದೆ. ಎಡವಟ್ಟಾಗಿದೆ ಎಂದು ಗೊತ್ತಾಗುವುದು ನಾಲ್ಕನೇ ಸಾಲಿಗೆ ಬಂದಾಗ.

ಇಲ್ಲಿ ಹೇಳುತ್ತಿರುವುದು ಕಪ್ಪು-ಬಿಳಿ ಚೌಕದ ಮಾಮೂಲಿ ಪದಬಂಧದ ಮಾತಲ್ಲ. ಇದರಲ್ಲಿ ಎಡದಿಂದ ಬಲಕ್ಕೆ ಮಾತ್ರ ಸುಳಿವುಗಳಿರುತ್ತವೆ, ಸಾಲಿಗೊಂದು ಪದ. ಪ್ರತಿ ಸಾಲಿನ ಒಂದು ಮನೆಗೆ ಬಣ್ಣ ಬಳಿದಿರುತ್ತದೆ. ಆ ಬಣ್ಣದ ಮನೆಗಳು ಒಂದರ ಕೆಳಗೊಂದು ನಿಂತು, ಮೇಲಿಂದ ಕೆಳಕ್ಕೆ ಓದಿದರೆ ಇನ್ನೊಂದು ಪದವಾಗುತ್ತವೆ. ಒಂದು ಮಾದರಿ ಹೀಗಿದೆ. ಪ್ರತಿ ಸಾಲಿನ ಎರಡನೇ ಮನೆಗೆ ಬಣ್ಣ.

1. ಗಂಗೆಯನ್ನು ಭೂಮಿಗೆ ತರಲು ಭಗೀರಥ ಮಾಡಿದ್ದು (3)
2. ತಳಪಾಯದ ಮೇಲೆ ಏಳುವುದು (3)
3. ಯುದ್ಧ (3)
4. ಸಂಕ್ರಾಂತಿಯಂದು ಸೂರ್ಯ ಹೊಗುವ ರಾಶಿ (3)
5. ದನ ಮೇಯುವ ಬಯಲು (5)

ಬಣ್ಣದ ಸಾಲು: ಮಲಪ್ರಭೆಯ ದಡದಲ್ಲಿ ಚಾಲುಕ್ಯರು ಗುಡಿ ಕಟ್ಟಿಸಿದ ಊರು (5)

ಆವರಣದೊಳಗಿನ ಅಂಕಿ ಮನೆಗಳ ಲೆಕ್ಕ. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ: ಕಾಗುಣಿತವೂ ಒತ್ತೂ ಸೊನ್ನೆಯೂ ಅದೇ ಮನೆಯೊಳಗೆ. ‘ಸಂಗ್ರಾಮ’ಕ್ಕೆ ಮೂರು ಮನೆ, ‘ಸೂರ್ಯ’ನಿಗೆ ಎರಡೇ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಸೊನ್ನೆಗೊಂದು ಮನೆ ಕೊಟ್ಟು, ಲೆಕ್ಕ ತಪ್ಪಿ, ಸರಿಯಾದ ಪದವನ್ನೇ ಅಳಿಸಿಹಾಕುತ್ತಾರೆ.

ನುರಿತವರು ಮೊದಲ ಸಾಲಿನಿಂದ ಶುರುಮಾಡುವುದಿಲ್ಲ. ಎರಡು ಉತ್ತರಕ್ಕೆ ಎಡೆಯಿಲ್ಲದ ಸಾಲು ಯಾವುದೆಂದು ಹುಡುಕುತ್ತಾರೆ. ಇಲ್ಲಿ ಅದು ನಾಲ್ಕನೆಯದು. ಸಂಕ್ರಾಂತಿಯ ಸೂರ್ಯನಿಗೆ ‘ಮಕರ’ ಬಿಟ್ಟರೆ ಬೇರೆ ದಾರಿಯಿಲ್ಲ, ಹಾಗಾಗಿ ಬಣ್ಣದ ಮನೆಗೆ ‘ಕ’ ಬಂತು. ಎರಡನೇ ಸಾಲಿಗೆ ‘ಕಟ್ಟಡ’ ಹೊಂದುತ್ತದೆ, ಬಣ್ಣದ ಮನೆಗೆ ‘ಟ್ಟ’. ಮೂರನೇ ಸಾಲನ್ನು ಮಾತ್ರ ಸದ್ಯಕ್ಕೆ ಮುಟ್ಟಬಾರದು. ಯುದ್ಧಕ್ಕೆ ಸಮರ, ಕಾಳಗ, ಕದನ, ಸಂಗ್ರಾಮ ಎಂದು ನಾಲ್ಕು ಪದ ಸಾಲುಗಟ್ಟುತ್ತವೆ. ನಾಲ್ಕಕ್ಕೂ ಮೂರೇ ಅಕ್ಷರ.

ಈಗ ಬಣ್ಣದ ಸಾಲನ್ನು ಮೇಲಿಂದ ಓದಿದರೆ ಒಂದು ಖಾಲಿ, ‘ಟ್ಟ’, ಮತ್ತೊಂದು ಖಾಲಿ, ‘ಕ’, ಕೊನೆಗೆ ಇನ್ನೊಂದು ಖಾಲಿ. ಮಲಪ್ರಭೆಯ ದಡ ಎಂದಾಗ ಐಹೊಳೆಯೂ ನೆನಪಾಗಬಹುದು, ಆದರೆ ಅದಕ್ಕೆ ಮೂರೇ ಮನೆ ಸಾಕು. 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲು ಎರಡೇ ಅಕ್ಷರದ ಬಲದಿಂದ ಎದ್ದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಎರಡು ಅಕ್ಷರ ಸಿಕ್ಕರೆ ಇಷ್ಟು ದೂರ ಹೋಗುವುದು ಕಷ್ಟ. ಅಲ್ಲಿ ಒಂದು ಮನೆಗೆ ಬರಬಹುದಾದ ಅಕ್ಷರಗಳು 26. ಕನ್ನಡದಲ್ಲಿ ಕಾಗುಣಿತವೊಂದೇ ನಾನೂರು ದಾಟುತ್ತದೆ, ಒತ್ತಕ್ಷರಗಳ ಲೆಕ್ಕ ಬೇರೆ. ಒಂದು ‘ಟ್ಟ’ ಸಿಕ್ಕಿತೆಂದರೆ ಉಳಿದ ನೂರಾರು ಸಾಧ್ಯತೆಗಳಿಗೆ ಒಮ್ಮೆಗೇ ಬಾಗಿಲು ಹಾಕಿದ ಹಾಗೆ.

ಇನ್ನು ಬಣ್ಣದ ಸಾಲಿನಿಂದ ಅಡ್ಡ ಸಾಲುಗಳಿಗೆ ಹಿಂದಿರುಗಬೇಕು. ಮೂರನೇ ಸಾಲಿನ ನಡುವೆ ‘ದ’ ಬೇಕು, ಹಾಗಾಗಿ ನಾಲ್ಕರಲ್ಲಿ ‘ಕದನ’ ಉಳಿಯಿತು. ಮೊದಲ ಸಾಲಿನ ನಡುವೆ ‘ಪ’ ಬೇಕು. ‘ಪ್ರಯತ್ನ’ದಲ್ಲಿ ಅಲ್ಲಿರುವುದು ‘ಯ’. ಭಗೀರಥ ನಿಜವಾಗಿ ಮಾಡಿದ್ದು ‘ತಪಸ್ಸು’, ಪ್ರಯತ್ನ ಎಂದದ್ದು ನಮ್ಮ ನುಡಿಗಟ್ಟು! ಐದನೇ ಸಾಲಿಗೆ ‘ಹುಲ್ಲುಗಾವಲು’ ಬರುತ್ತದೆ. ಇಲ್ಲೊಂದು ಚಿಕ್ಕ ಬಲೆಯೂ ಇದೆ. ಊರಿನ ಹೆಸರನ್ನು ‘ಪಟ್ಟದಕಲ್’ ಎಂದು ಬರೆಯುವವರಿದ್ದಾರೆ. ಆಗಲೂ ಮನೆ ಐದೇ. ಆದರೆ ಕೊನೆಯ ಮನೆಗೆ ‘ಲ್’ ತುಂಬಿದರೆ ದನ ಮೇಯುವ ಬಯಲು ಎಷ್ಟು ತಿಣುಕಿದರೂ ಸಿಗದು.

ತಪ್ಪನ್ನು ಮೊದಲೇ ಹಿಡಿಯಲು ಒಂದು ಉಪಾಯವಿದೆ. ಕನ್ನಡದ ಪದ ‘ಣ’ದಿಂದಲೋ ‘ಳ’ದಿಂದಲೋ ಶುರುವಾಗುವುದಿಲ್ಲ, ‘ಟ್ಟ’, ‘ಲ್ಲ’ದಂಥ ಸಜಾತಿ ಒತ್ತಿನಿಂದಲೂ ಇಲ್ಲ. ಬಣ್ಣದ ಸಾಲಿನ ತಲೆಯ ಮನೆಗೆ ಇಂಥದ್ದು ಬಂದು ಕೂತರೆ ಮೊದಲ ಸಾಲಿನ ಉತ್ತರ ತಪ್ಪು, ಉಳಿದ ಸಾಲು ನೋಡುವ ಅಗತ್ಯವೂ ಇಲ್ಲ. ಯುದ್ಧದ ಸುಳಿವು ಮೊದಲ ಸಾಲಿನಲ್ಲೇ ಇದ್ದಿದ್ದರೆ ‘ಕಾಳಗ’ ಹೀಗೆಯೇ ಹೊರಗುಳಿಯುತ್ತಿತ್ತು.

ಬಣ್ಣದ ಸಾಲು ಪದಗಳ ಆರಂಭದಲ್ಲಿರದೆ ಒಳಗೆ ಸರಿದಿರುವುದಕ್ಕೂ ಇದೇ ಕಾರಣ. ಅಮೆರಿಕದ ಎಲಿಜಬೆತ್ ಕಿಂಗ್ಸ್‌ಲಿ 1934ರಲ್ಲಿ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಗೆ ‘ಡಬಲ್ ಕ್ರಾಸ್ಟಿಕ್’ ಎಂಬ ಒಗಟು ರಚಿಸಿದರು. ಅದರ ಉತ್ತರಗಳ ಮೊದಲ ಅಕ್ಷರಗಳನ್ನು ಕೆಳಮುಖವಾಗಿ ಓದಿದರೆ ಒಬ್ಬ ಲೇಖಕರ ಹೆಸರು, ಕೃತಿಯ ಹೆಸರು ಸಿಗುತ್ತವೆ. ಇಂಗ್ಲಿಷಿಗೆ ಅದು ಸಲೀಸು. ಪಟ್ಟದಕಲ್ಲನ್ನು ಹಾಗೆ ಮೊದಲ ಮನೆಗಳಲ್ಲಿ ಇಳಿಸಹೊರಟರೆ ಎರಡನೇ ಸಾಲಿನಲ್ಲೇ ರಚನಕಾರರ ಕೈ ಕಟ್ಟಿಹೋಗುತ್ತದೆ. ‘ಟ್ಟ’ದಿಂದ ಶುರುವಾಗುವ ಪದವನ್ನು ಎಲ್ಲಿಂದ ತರುವುದು? ಒಂದು ಮನೆ ಒಳಗೆ ಸರಿದರೆ ಬೆಟ್ಟ, ಅಟ್ಟ, ಪಟ್ಟಣ, ಕಟ್ಟಡ ಎಲ್ಲವೂ ಕೈಗೆ ಸಿಗುತ್ತವೆ.

ಈ ಒಗಟಿಗೆ ಒಂದು ದೌರ್ಬಲ್ಯವೂ ಉಂಟು. ಮಾಮೂಲಿ ಪದಬಂಧದಲ್ಲಿ ಒಂದು ಪದವನ್ನು ಎರಡು ಮೂರು ಕಡೆ ಬೇರೆ ಪದಗಳು ಹಾಯುತ್ತವೆ. ಇಲ್ಲಿ ಪ್ರತಿ ಪದಕ್ಕೂ ಬಣ್ಣದ ಮನೆಯೊಂದೇ ಸಾಕ್ಷಿ. ಆ ಸಾಕ್ಷಿ ದುರ್ಬಲವಾದರೆ ಸಾಲಿಗೆ ಸಾಲೇ ಅನುಮಾನಕ್ಕೆ ಬೀಳುತ್ತದೆ. ‘ತಾವರೆ (3)’ ಎಂದು ಸುಳಿವು ಕೊಟ್ಟು ಮೂರನೇ ಮನೆಗೆ ಬಣ್ಣ ಬಳಿದಿದ್ದಾರೆ ಎನ್ನಿ. ಅಲ್ಲಿ ‘ಜ’ ಬರುತ್ತದೆಂದು ತಿಳಿದರೂ ಪಂಕಜ, ನೀರಜ, ಜಲಜ, ವಾರಿಜ, ಸರೋಜ, ಅಂಬುಜ ಆರೂ ಸರಿಹೊಂದುತ್ತವೆ. ನೀರಲ್ಲೋ ಕೆಸರಲ್ಲೋ ಹುಟ್ಟಿದ್ದು ಎಂಬ ಅರ್ಥದ ಪದಗಳಾದ್ದರಿಂದ ಎಲ್ಲದರ ಬಾಲವೂ ಒಂದೇ. ಬಣ್ಣವನ್ನು ನಡುವಿನ ಮನೆಗೆ ತಂದರೆ ಅಲ್ಲಿ ಕ್ರಮವಾಗಿ ಕ, ರ, ಲ, ರಿ, ರೋ, ಬು. ಜಗಳ ಅಲ್ಲಿಗೇ ಮುಗಿಯುತ್ತದೆ. ಇಂಥ ಸಾಲು ಕೈಕೊಟ್ಟಾಗ ಬಿಡಿಸುವವರು ತಮ್ಮನ್ನು ಹಳಿದುಕೊಳ್ಳಬೇಕಿಲ್ಲ, ತಪ್ಪು ರಚಿಸಿದವರದು.

ಈ ವಾರಕ್ಕೆ ಒಂದು ಪುಟ್ಟದು. ಬಣ್ಣ ಮತ್ತೆ ಎರಡನೇ ಮನೆಗೆ.

1. ವಿಶ್ವಾಮಿತ್ರನ ಯಾಗ ಕೆಡಿಸಲು ಮಾರೀಚನ ಜೊತೆ ಬಂದವನು (3)
2. ಕೃಷ್ಣನಿಗೆ ಅವಲಕ್ಕಿ ತಂದ ಗೆಳೆಯ (3)
3. ತಾಯಿಯ ಹೆಸರಿನಿಂದ ಲಕ್ಷ್ಮಣನಿಗೆ ಬಂದ ಹೆಸರು (3)

ಬಣ್ಣದ ಸಾಲು: ಚಾಲುಕ್ಯರ ರಾಜಧಾನಿ (3)

ಎರಡನೇ ಸಾಲಿಗೆ ಎರಡು ಹೆಸರು ಹೊಳೆಯುತ್ತವೆ, ಬಣ್ಣದ ಸಾಲಿಗೂ ಎರಡು. ಮೊದಲ ಸಾಲಿನ ರಾಕ್ಷಸನನ್ನು ಹಿಡಿದವರಿಗೆ ಉಳಿದದ್ದು ಸುಲಭ. ಉತ್ತರ ಮುಂದಿನ ವಾರ.