ಛೇದದ ಕೊನೆಯ ಸಂಖ್ಯೆ

ದ್ವಿತೀಯ ಪಿಯುಸಿಯ ಹಳೆಯ ಪ್ರಶ್ನೆಪತ್ರಿಕೆಗಳಿಂದ ಇಂಟಿಗ್ರೇಷನ್ ಲೆಕ್ಕಗಳನ್ನಷ್ಟೇ ಎತ್ತಿಕೊಂಡು ವಿಂಗಡಿಸುವುದು ನನ್ನ ಹಳೆಯ ಚಟ. ವರ್ಷವಾರು ಜೋಡಿಸಿದರೆ ಏನೂ ಸಿಗುವುದಿಲ್ಲ. ವಿಧಾನವಾರು ಜೋಡಿಸಿದರೆ ಓದುಗನಿಗೆ ಮೋಸವೇ ಆಗುತ್ತದೆ, ಏಕೆಂದರೆ ಪರೀಕ್ಷೆಯಲ್ಲಿ ವಿಧಾನದ ಹೆಸರನ್ನು ಯಾರೂ ಬರೆದುಕೊಡುವುದಿಲ್ಲ. ಪಠ್ಯಪುಸ್ತಕದ ಅಭ್ಯಾಸ 7.5ಕ್ಕೆ ಬಂದವನಿಗೆ ಇದು ಪಾರ್ಷಿಯಲ್ ಫ್ರಾಕ್ಷನ್ ಎಂದು ಲೆಕ್ಕ ನೋಡುವ ಮೊದಲೇ ಗೊತ್ತಿರುತ್ತದೆ. ಪತ್ರಿಕೆಯಲ್ಲಿ ಕಾಣುವುದು ಅನುಕಲ್ಯದ ರೂಪ ಮಾತ್ರ. ಹಾಗಾಗಿ ವಿಂಗಡಣೆಯೂ ರೂಪದಿಂದಲೇ ಆಗಬೇಕು.

ನನ್ನ ಗುಂಪುಗಳಲ್ಲಿ ಅತ್ಯಂತ ರುಚಿಕರವಾದದ್ದು, ಛೇದದಲ್ಲಿ ವರ್ಗ ಬಹುಪದ ಕೂತಿರುವ ಗುಂಪು. ಒಂದೇ ಅಂಶ, ಮೂರು ಛೇದಗಳನ್ನು ನೋಡಿ:

∫ (x+3)/(x²+2x+5) dx
∫ (x+3)/(x²+2x+1) dx
∫ (x+3)/(x²+2x−3) dx

ಬದಲಾಗಿರುವುದು ಕೊನೆಯ ಸಂಖ್ಯೆ ಮಾತ್ರ. ಆದರೂ ಮೂರರ ದಾರಿ ಮೂರು. ದಾರಿ ಹೇಳುವುದು ಹೈಸ್ಕೂಲಿನಲ್ಲೇ ಕಲಿತ ಶೋಧಕ, b²−4ac.

ಮೊದಲನೆಯದಕ್ಕೆ ಅದು 4−20, ಅಂದರೆ −16. ಛೇದ ಒಡೆಯುವುದಿಲ್ಲ, ಅಪವರ್ತನ ಹುಡುಕುತ್ತ ಕೂರುವುದು ವ್ಯರ್ಥ. ಇಲ್ಲಿ ಛೇದದ ಅವಕಲನ 2x+2 ಎಂಬುದನ್ನು ಮೊದಲು ಪಕ್ಕದಲ್ಲಿ ಬರೆದುಕೊಳ್ಳಬೇಕು. ಆಮೇಲೆ ಅಂಶವನ್ನು ಅದರ ಮೂಲಕವೇ ಹೇಳಬೇಕು: x+3 = ½(2x+2) + 2. ಮೊದಲ ತುಂಡು ನೇರವಾಗಿ ½ log(x²+2x+5) ಆಗುತ್ತದೆ. ಉಳಿದ 2ರ ಕೆಳಗಿನ ಛೇದವನ್ನು (x+1)²+2² ಎಂದು ವರ್ಗ ಪೂರ್ಣಗೊಳಿಸಿದರೆ tan⁻¹((x+1)/2) ಬರುತ್ತದೆ. ಎರಡನ್ನೂ ಕೂಡಿಸಿ C ಹಾಕಿದರೆ ಮುಗಿಯಿತು. ಎಷ್ಟೋ ಹುಡುಗರು log ಬರೆದು ಅಲ್ಲಿಗೇ ನಿಲ್ಲಿಸುತ್ತಾರೆ. ಅಂಶವು ಅವಕಲನದ ಹತ್ತಿರ ಇದ್ದರೆ ಸಾಲದು, ಅದರ ಗುಣಕವೇ ಆಗಿರಬೇಕು. ಇಲ್ಲದಿದ್ದರೆ ಉಳಿಕೆಗೆ ಲೆಕ್ಕ ಕೊಡಬೇಕು.

ಎರಡನೆಯದರ ಶೋಧಕ ಸೊನ್ನೆ, ಛೇದ (x+1)². ಅಂಶವನ್ನು (x+1)+2 ಎಂದು ಬರೆದರೆ log|x+1| − 2/(x+1) + C. ಇಲ್ಲಿ tan⁻¹ಗೆ ಜಾಗವೇ ಇಲ್ಲ.

ಮೂರನೆಯದರ ಶೋಧಕ 16, ಪೂರ್ಣವರ್ಗ. ಛೇದ (x+3)(x−1) ಎಂದು ಒಡೆಯುತ್ತದೆ. A, B ಎಂದು ಶುರುಮಾಡುವ ಮುನ್ನ ಒಂದು ಕ್ಷಣ ಅಂಶದ ಕಡೆ ನೋಡಿ. x+3 ಹೊಡೆದುಹೋಗಿ 1/(x−1) ಉಳಿಯುತ್ತದೆ, ಉತ್ತರ log|x−1| + C. ಪಾರ್ಷಿಯಲ್ ಫ್ರಾಕ್ಷನ್ ಮಾಡಿದರೂ ಇದೇ ಬರುತ್ತದೆ, ಒಂದು ಸ್ಥಿರಾಂಕ ಸೊನ್ನೆಯಾಗಿ. ಕಾಗದ ಮಾತ್ರ ಖರ್ಚು.

ಶೋಧಕಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಅಂಶದ ಘಾತ ಛೇದದ ಘಾತಕ್ಕಿಂತ ಕಡಿಮೆಯೇ? x²/(x²−1) ನೋಡಿ. ಇದನ್ನು A/(x−1) + B/(x+1) ಎಂದಿಟ್ಟರೆ A=½, B=−½ ಎಂದು ಸಲೀಸಾಗಿ ಸಿಗುತ್ತದೆ, ಎಲ್ಲೂ ಎಡವಿದ ಹಾಗೆ ಅನ್ನಿಸುವುದಿಲ್ಲ. ಆದರೆ x=0 ಹಾಕಿ ನೋಡಿ: ಎಡಕ್ಕೆ 0, ಬಲಕ್ಕೆ −1. ಭಾಗಿಸದೆ ಹೊರಟಿದ್ದರಿಂದ ಒಂದು ಪೂರ್ಣ 1 ಕಳೆದುಹೋಗಿದೆ, ಉತ್ತರದಲ್ಲಿ ಒಂದು x ಕೊರತೆ. ಪಾರ್ಷಿಯಲ್ ಫ್ರಾಕ್ಷನ್ ಮಾಡಿದ ಮೇಲೆ ಯಾವುದಾದರೂ ಸುಲಭ ಬೆಲೆ ಹಾಕಿ ಎರಡೂ ಕಡೆ ತಾಳೆ ನೋಡಲು ಅರ್ಧ ನಿಮಿಷ ಸಾಕು. ಈ ಅಭ್ಯಾಸ ಇರುವವರು ನನಗೆ ಸಿಕ್ಕಿದ್ದು ಕಡಿಮೆ.

ಛೇದಕ್ಕೆ ವರ್ಗಮೂಲ ಹಾಕಿದರೂ ಅಂಶವನ್ನು ಒಡೆಯುವ ಕ್ರಮ ಅದೇ, ಕೊನೆಯ ಸೂತ್ರಗಳು ಮಾತ್ರ ಬೇರೆ. ವೇಷ ಹಾಕಿಕೊಂಡು ಬರುವವರೂ ಇದ್ದಾರೆ. cos x/(sin²x+2 sin x+5) ಅನ್ನು ತ್ರಿಕೋನಮಿತಿಯ ಗುಂಪಿಗೆ ಸೇರಿಸುವುದು ತಪ್ಪೆಂದೇ ನನ್ನ ವಾದ. sin x = t ಎಂದಾಗ ಉಳಿಯುವುದು 1/(t²+2t+5), ಅಂದರೆ ನಮ್ಮ ಮೊದಲನೆಯದರ ತಮ್ಮ.

ಈ ವಿಂಗಡಣೆಗೂ ಒಂದು ಮಿತಿಯಿದೆ. ಪತ್ರಿಕೆಗೆ ಬರುವುದು ಬಿಡಿಸಲು ಬರುವ ಲೆಕ್ಕಗಳು ಮಾತ್ರ. x·e^(x²) ಬರುತ್ತದೆ, ಮುಂದಿನ x ತೆಗೆದ ಬರೀ e^(x²) ಬರುವುದಿಲ್ಲ. ಅದರ ಅನುಕಲನವನ್ನು ನಮಗೆ ಗೊತ್ತಿರುವ ಫಲನಗಳಲ್ಲಿ ಬರೆಯಲಾಗದು ಎಂದು ತೋರಿಸುವ ಸಿದ್ಧಾಂತವನ್ನು ಫ್ರಾನ್ಸಿನ ಲಿಯೊವಿಲ್ 1830ರ ದಶಕದಲ್ಲಿ ಕಟ್ಟಿದ. ಹಳೆ ಪತ್ರಿಕೆಗಳನ್ನಷ್ಟೇ ತಿರುವಿದವನಿಗೆ ಎಲ್ಲ ಅನುಕಲ್ಯಗಳೂ ಬಗ್ಗುತ್ತವೆ ಎಂಬ ಭ್ರಮೆ ಬರಬಹುದು.

ಈ ವಾರದ ಲೆಕ್ಕ: ∫ x⁵/(x⁶+2x³+5) dx. ಉತ್ತರಕ್ಕೆ ಅವಸರ ಬೇಡ. ಇದು ಮೇಲಿನ ಮೂರರಲ್ಲಿ ಯಾವುದರ ಜೊತೆಗೆ ಕೂರಬೇಕು, ಏಕೆ ಎಂದಷ್ಟೇ ಬರೆದು ಕಳಿಸಿ.